ಅಂಚಿನ ಬೆಳಕು ಟ್ಯೂಬ್‌ಲೈಟಿನಂತೆ ಕಂಡಾಗ: ಹೊಸ ಹಿನ್ನೆಲೆಗೆ ಕೂರಿಸಿದ ಚಿತ್ರದ ದೋಷ ನಿವಾರಣೆ

ಸ್ಟುಡಿಯೋದಲ್ಲಿ ತೆಗೆದ ಚಿತ್ರದಿಂದ ವ್ಯಕ್ತಿಯನ್ನು ಕತ್ತರಿಸಿ, ಸಂಜೆಯ ಸೂರ್ಯನಿರುವ ಹಿನ್ನೆಲೆಯ ಮುಂದೆ ಕೂರಿಸುವ ಕೆಲಸ ನಮ್ಮ ಕಡೆಯ ಸ್ಟುಡಿಯೋಗಳಿಗೆ ಹೊಸದಲ್ಲ. ಹಿನ್ನೆಲೆಯ ಬೆಳಕು ವ್ಯಕ್ತಿಯ ಅಂಚಿನ ಮೇಲೆ ಬೀಳದಿದ್ದರೆ ಚಿತ್ರ ಅಂಟಿಸಿದಂತೆ ಕಾಣುತ್ತದೆ ಎಂಬುದೂ ಈ ಕೆಲಸ ಮಾಡುವವರಿಗೆಲ್ಲ ಗೊತ್ತಿದೆ. ಈ ಕೈಪಿಡಿ ಅದರ ಮುಂದಿನ ಹಂತದ ತೊಂದರೆಯನ್ನು ಕುರಿತದ್ದು: ಅಂಚಿಗೆ ಬೆಳಕನ್ನು ಸೇರಿಸಿಯಾಗಿದೆ, ಬಣ್ಣವೂ ಹಿನ್ನೆಲೆಯದ್ದೇ ಆಗಿದೆ, ಆದರೂ ಚಿತ್ರ ಮೊದಲಿಗಿಂತ ಹೆಚ್ಚು ಸುಳ್ಳಾಗಿ ಕಾಣುತ್ತಿದೆ. ಹೀಗಾದಾಗ ತಪ್ಪು ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮವನ್ನು, ಬಾಗಲಕೋಟೆಯ ನಮ್ಮ ಸ್ಟುಡಿಯೋದಲ್ಲಿ ನಾನೇ ಕೆಡಿಸಿ ನಾನೇ ಸರಿಪಡಿಸಿದ ಒಂದು ಚಿತ್ರದ ಮೂಲಕ ವಿವರಿಸುತ್ತೇನೆ.

ಚಿತ್ರ ನಿಶ್ಚಿತಾರ್ಥದ ಹುಡುಗಿಯದ್ದು. ಹಸಿರು ಮೈಯ ಇಳಕಲ್ ಸೀರೆ, ತಲೆಯ ಮೇಲೆ ಹೊದ್ದ ಕೆಂಪು ತೋಪು ತೆನೆ ಸೆರಗು, ಗುಳೇದಗುಡ್ಡ ಖಣದ ಕುಪ್ಪಸ. ಬೂದು ಬಣ್ಣದ ಕಾಗದದ ಪರದೆಯ ಮುಂದೆ, ಎಡಗಡೆ ಮುಂದಿನಿಂದ ಒಂದು ದೊಡ್ಡ ಸಾಫ್ಟ್‌ಬಾಕ್ಸ್, ಬಲಗಡೆ ಅದಕ್ಕಿಂತ ಮಂದವಾದ ಇನ್ನೊಂದು ಸಾಫ್ಟ್‌ಬಾಕ್ಸ್ ಇಟ್ಟು, ಮೊಣಕಾಲಿನವರೆಗೆ ಬರುವಂತೆ ತೆಗೆದದ್ದು. ಎಡ, ಬಲ ಎಂದು ಈ ಬರಹದಲ್ಲಿ ಹೇಳುವುದೆಲ್ಲ ಚಿತ್ರ ನೋಡುವವರ ಎಡ, ಬಲ. ಹಿನ್ನೆಲೆ ಬಾದಾಮಿಯ ಅಗಸ್ತ್ಯ ತೀರ್ಥದ್ದು. ಹೊಂಡದ ಪೂರ್ವ ದಂಡೆಯಲ್ಲಿರುವ ಭೂತನಾಥ ಗುಡಿಯ ಕಡೆಯಿಂದ ಪಶ್ಚಿಮಕ್ಕೆ ಮುಖ ಮಾಡಿ, ಮಾರ್ಚ್ ಕೊನೆಯ ವಾರದ ಸಂಜೆ ತೆಗೆದ ಚಿತ್ರ. ಆ ಹೊತ್ತಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೇ ಮುಳುಗುತ್ತಾನೆ. ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದ್ದರಿಂದ ಅವನು ಚೌಕಟ್ಟಿನ ಬಲಭಾಗಕ್ಕೆ ಬಂದಿದ್ದಾನೆ. ಎಡಕ್ಕೆ ಗುಹಾಲಯಗಳಿರುವ ದಕ್ಷಿಣದ ಗುಡ್ಡ, ಬಹುಪಾಲು ನೆರಳಿನಲ್ಲಿ. ಕೆಳಗೆ ಹೊಂಡದ ನೀರು, ಆಕಾಶದಷ್ಟೇ ಹೊಳಪು. 12×18 ಇಂಚಿನ ಪ್ರಿಂಟಿಗಾಗಿ 3600×5400 ಪಿಕ್ಸೆಲ್ ಅಳತೆಯ ಕಡತ. ಅದರಲ್ಲಿ ಹುಡುಗಿಯ ಮುಖದ ಅಗಲ ಸುಮಾರು 600 ಪಿಕ್ಸೆಲ್.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಕತ್ತರಿಸಿದ ಲೇಯರ್‌ಗೆ ಫೋಟೋಶಾಪ್‌ನ Inner Glow ಎಂಬ, ಅಂಚಿನಿಂದ ಒಳಕ್ಕೆ ಹೊಳಪು ಕೊಡುವ ಪರಿಣಾಮವನ್ನು ಕಿತ್ತಳೆ ಬಣ್ಣದಲ್ಲಿ ಹಚ್ಚಿದೆ. ಮಾದರಿ ಪ್ರಿಂಟ್ ನೋಡಿದ ಹುಡುಗಿಯ ಸೋದರಮಾವ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, "ಅಣ್ಣಾರ, ಹುಡುಗಿ ಮೈ ಸುತ್ತ ಟ್ಯೂಬ್‌ಲೈಟ್ ಹಚ್ಚಿದಂಗ ಕಾಣತೈತ್ರಿ" ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬೆಳಕು ಸುತ್ತಲೂ ಒಂದೇ ದಪ್ಪ, ಒಂದೇ ಬಣ್ಣ. ಕತ್ತಲ ಗುಡ್ಡದ ಕಡೆಗೂ ಅಷ್ಟೇ, ಸೂರ್ಯನ ಕಡೆಗೂ ಅಷ್ಟೇ.

ಮೂರು ಬೆಳಕುಗಳನ್ನು ಬೇರ್ಪಡಿಸಿ ನೋಡುವುದು

ಅಂಚಿನ ಬೆಳಕು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ದೋಷಗಳ ದೊಡ್ಡ ಪಾಲು ಹುಟ್ಟುವುದು ಈ ಮೂರನ್ನೂ ಒಂದೇ ಲೇಯರ್‌ನಲ್ಲಿ ಮಾಡಲು ಹೊರಟಾಗ ಎಂಬುದು ನನ್ನ ಅನುಭವ.

ಮೊದಲನೆಯದು ಲೆನ್ಸಿನಲ್ಲಿ ಆಗುವ ಚೆಲ್ಲಾಟ. ಹೊಳೆಯುವ ಆಕಾಶದ ಬೆಳಕು ಲೆನ್ಸಿನ ಗಾಜುಗಳಲ್ಲಿ ಚದುರಿ, ಪಕ್ಕದ ಕಪ್ಪು ಆಕೃತಿಯ ಅಂಚಿನೊಳಕ್ಕೆ ಸ್ವಲ್ಪ ಹರಿಯುತ್ತದೆ. ಈ ಬೆಳಕು ಸೀರೆಯನ್ನು ಮುಟ್ಟಿಯೇ ಇಲ್ಲ. ಸೀರೆ ಹಸಿರೋ ಕೆಂಪೋ ಎಂಬುದು ಅದಕ್ಕೆ ಸಂಬಂಧವಿಲ್ಲ. ಇದ್ದ ಬಣ್ಣದ ಮೇಲೆ ಹಿನ್ನೆಲೆಯ ಬಣ್ಣ ಕೂಡುತ್ತದೆ, ಅಷ್ಟೇ. ಎರಡನೆಯದು ಹಿಂಬದಿಯ ಸೂರ್ಯನ ನೇರ ಬೆಳಕು ಕೆನ್ನೆ, ತೋಳು, ಸೆರಗಿನ ಮಡಿಕೆಗಳ ಮೇಲೆ ಓರೆಯಾಗಿ ತಾಗಿ ಮೂಡಿಸುವ ತೆಳುಗೆರೆ. ಇದು ಸೂರ್ಯನಿರುವ ಬದಿಯಲ್ಲಿ ಮಾತ್ರ ಇರುತ್ತದೆ. ಮೂರನೆಯದು ನೀರಿನಿಂದ, ಕಲ್ಲಿನಿಂದ ಪುಟಿದು ಬಂದು ಮೈಮೇಲೆ ಹರಡುವ ಮೃದು ಬೆಳಕು. ಇದಕ್ಕೆ ಗೆರೆಯಿಲ್ಲ, ಅಂಚೂ ಇಲ್ಲ. ಗದ್ದದ ಕೆಳಗೆ, ಮುಂಗೈಯ ಅಡಿಯಲ್ಲಿ, ಅಂದರೆ ನೀರಿನತ್ತ ಮುಖ ಮಾಡಿದ ಮೈಭಾಗಗಳಲ್ಲಿ ಕಾಣಿಸುತ್ತದೆ. ಇದು ಬಟ್ಟೆಯ ಬಣ್ಣದೊಂದಿಗೆ ಗುಣಿಸಲ್ಪಡುತ್ತದೆ. ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

ನಿಮ್ಮ ಚಿತ್ರದಲ್ಲಿ ಈ ಮೂರು ಎಷ್ಟೆಷ್ಟು ಇರಬೇಕು ಎಂಬುದಕ್ಕೆ ಉತ್ತರ ಹೆಚ್ಚಾಗಿ ಹಿನ್ನೆಲೆಯ ಚಿತ್ರದಲ್ಲೇ ಇರುತ್ತದೆ. ನನ್ನ ಹಿನ್ನೆಲೆಯಲ್ಲಿ ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತ ಬಗ್ಗಿದ್ದ ಒಬ್ಬ ಹೆಣ್ಣುಮಗಳು ಸಣ್ಣದಾಗಿ ಕಾಣುತ್ತಿದ್ದಳು. ಅವಳನ್ನು 400 ಪ್ರತಿಶತಕ್ಕೆ ಹಿಗ್ಗಿಸಿ ನೋಡಿದೆ. ಬಲ ಭುಜದ ಮೇಲೆ ಮತ್ತು ಬಲ ಮೊಣಕೈಯ ಮೇಲೆ ಹಳದಿ ಗೆರೆಯಿತ್ತು. ಎಡ ಬದಿಯಲ್ಲಿ ಏನೂ ಇರಲಿಲ್ಲ, ಅವಳ ಬೆನ್ನು ಗುಡ್ಡದ ಕತ್ತಲಿನಲ್ಲಿ ಬಹುತೇಕ ಕರಗಿಹೋಗಿತ್ತು. ಗೆರೆಯ ದಪ್ಪ ಅವಳ ತಲೆಯ ಅಗಲದ ನಲವತ್ತನೆಯ ಒಂದು ಭಾಗದಷ್ಟೂ ಇರಲಿಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆ ಮಾತ್ರ ಒಳಗಿನಿಂದ ದೀಪ ಹಚ್ಚಿದಂತೆ ಬೆಳಗುತ್ತಿತ್ತು. ನಾನು ಊಹಿಸಿ ಹಚ್ಚಿದ್ದ ಬೆಳಕಿಗೂ ಆ ಸಂಜೆ ಅಲ್ಲಿದ್ದ ಬೆಳಕಿಗೂ ಇದ್ದ ಅಂತರ ಆಗ ತಿಳಿಯಿತು. ಹಿನ್ನೆಲೆಯಲ್ಲಿ ವ್ಯಕ್ತಿ ಇಲ್ಲದಿದ್ದರೆ ಒಂದು ಕಂಬವನ್ನೋ, ಗಿಡದ ಟೊಂಗೆಯನ್ನೋ ಹೀಗೆ ನೋಡಬಹುದು.

ಮೊದಲ ಪರೀಕ್ಷೆ: ಹಳೆಯ ಹಿನ್ನೆಲೆ ಅಂಚಿನಲ್ಲಿ ಉಳಿದಿದೆಯೇ?

ಬೆಳಕಿನ ಲೇಯರ್‌ಗಳನ್ನೆಲ್ಲ ಮುಚ್ಚಿ, ಹಿನ್ನೆಲೆಯನ್ನೂ ಮುಚ್ಚಿ, ವ್ಯಕ್ತಿಯ ಕೆಳಗೆ ಒಂದು Solid Color ಲೇಯರ್ ಇಡಿ. ಅದರ ಬಣ್ಣ ಹೊಸ ಹಿನ್ನೆಲೆಯ ಅತಿ ಹೊಳಪಿನ ಭಾಗದ್ದಾಗಿರಲಿ. ನನ್ನ ಚಿತ್ರಕ್ಕೆ ಅದು ತಿಳಿ ಕಿತ್ತಳೆ. ಈಗ 200 ಪ್ರತಿಶತದಲ್ಲಿ ಅಂಚಿನ ಸುತ್ತ ಒಂದು ಸುತ್ತು ಬನ್ನಿ. ಬೂದು ಪರದೆಯ ಮುಂದೆ ತೆಗೆದ ಚಿತ್ರವಾದರೆ ಕೆನ್ನೆ, ಮುಂಗೈಯಂಥ ತಿಳಿ ಬಣ್ಣದ ಭಾಗಗಳ ಪಕ್ಕದಲ್ಲಿ ಕೊಳೆಯಂಥ ಬೂದು ಗೆರೆ ಸಿಗುತ್ತದೆ. ಇದು ಅರೆಪಾರದರ್ಶಕ ಪಿಕ್ಸೆಲ್‌ಗಳಲ್ಲಿ ಬೆರೆತು ಉಳಿದ ಹಳೆಯ ಪರದೆಯ ಬಣ್ಣ.

ಇದನ್ನು ತೆಗೆಯದೆ ಬೆಳಕು ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಹೊರಗೆ ಹೊಳೆಯುವ ಆಕಾಶ, ಒಳಗೆ ನೀವು ಹಚ್ಚಿದ ಹೊಳಪು, ಎರಡರ ನಡುವೆ ಮಂಕು ಬೂದು ದಾರ. ಕಣ್ಣು ಆ ದಾರವನ್ನೇ ಹಿಡಿಯುತ್ತದೆ. ಅದನ್ನು ಮುಚ್ಚಲೆಂದು ಬೆಳಕನ್ನು ಇನ್ನೂ ಹೆಚ್ಚಿಸುತ್ತ ಹೋಗುವುದು ಬಹಳ ಸಾಮಾನ್ಯವಾದ ತಪ್ಪು. ಬೆಳಕು ಹೆಚ್ಚಿದಷ್ಟೂ ದಾರ ಇನ್ನಷ್ಟು ಎದ್ದು ಕಾಣುತ್ತದೆ.

ಪರಿಹಾರ ಸರಳ. ಲೇಯರ್‌ನ ಒಂದು ಪ್ರತಿ ಇಟ್ಟುಕೊಂಡು, ಇನ್ನೊಂದರಲ್ಲಿ ಮಾಸ್ಕನ್ನು ಚಿತ್ರಕ್ಕೇ ಬೆರೆಸಿ, Layer > Matting > Defringe ತೆರೆದು 1 ಪಿಕ್ಸೆಲ್ ಕೊಡಿ. ಅಂಚಿನ ಪಿಕ್ಸೆಲ್‌ಗಳಿಗೆ ಒಳಗಿನ ಬಣ್ಣ ಬರುತ್ತದೆ. ಸಾಲದಿದ್ದರೆ 2 ಕೊಡಬಹುದು. ಅದಕ್ಕಿಂತ ಹೆಚ್ಚು ಕೊಡುವುದಕ್ಕಿಂತ ಮಾಸ್ಕನ್ನೇ ಮತ್ತೊಮ್ಮೆ ಕತ್ತರಿಸುವುದು ಒಳ್ಳೆಯದು. ತೋಳು ಮತ್ತು ಸೊಂಟದ ನಡುವಿನ ಸಂದಿಯನ್ನು ಮರೆಯಬಾರದು; ಬೂದು ಪರದೆಯ ಚೂರೊಂದು ಅಲ್ಲಿ ಪೂರ್ತಿಯಾಗಿಯೇ ಉಳಿದುಹೋಗಿರುತ್ತದೆ. ಇಷ್ಟಾದ ಮೇಲೆ ಆ ಪ್ರತಿಯ ಪಾರದರ್ಶಕತೆಯಿಂದಲೇ ಹೊಸ ಮಾಸ್ಕ್ ಮಾಡಿಕೊಳ್ಳಿ, ಮುಂದಿನ ಹಂತಗಳಿಗೆ ಅದು ಬೇಕು.

ಎರಡನೆಯ ಪರೀಕ್ಷೆ: ಮುಂದಿನ ಬೆಳಕು ಹಿಂದಿನ ಬೆಳಕಿಗೆ ಜಾಗ ಬಿಟ್ಟಿದೆಯೇ?

Info ಪ್ಯಾನೆಲ್ ತೆರೆದು ಹಣೆಯ ಮೇಲಿನ ಅಂಕಿಯನ್ನೂ ಅದರ ಪಕ್ಕದ ಆಕಾಶದ ಅಂಕಿಯನ್ನೂ ನೋಡಿ. ನನ್ನ ಚಿತ್ರದಲ್ಲಿ ಹಣೆಯ ಕೆಂಪು ಚಾನೆಲ್ 225, ಆಕಾಶದ್ದು 220. ಮುಳುಗುವ ಸೂರ್ಯನಿಗೆ ಬೆನ್ನು ಮಾಡಿ ನಿಂತವರ ಹಣೆ ಆಕಾಶಕ್ಕಿಂತ ಹೊಳೆಯುವುದು ಮುಂದೆ ಫ್ಲ್ಯಾಶ್ ಇದ್ದಾಗ ಮಾತ್ರ. ಹಣೆಯೇ 225 ಇದ್ದಾಗ ಕೆನ್ನೆಯ ಅಂಚಿನ ಗೆರೆ ಕಾಣಲು 255ರವರೆಗೆ ಕೇವಲ 30 ಅಂಕಿಯ ಜಾಗ ಉಳಿಯುತ್ತದೆ. ಆದ್ದರಿಂದಲೇ ಗೆರೆ ಬಿಳಿಯ ಪಟ್ಟಿಯಾಗಿ ಸುಟ್ಟುಹೋಗುತ್ತದೆ.

ಒಂದು Curves ಲೇಯರನ್ನು ವ್ಯಕ್ತಿಗೆ ಕ್ಲಿಪ್ ಮಾಡಿ, ಹಣೆ 175ರ ಸುಮಾರಿಗೆ ಬರುವಂತೆ ಇಳಿಸಿದೆ. ಇಳಿಸಿದ ಕ್ಷಣ ಚಿತ್ರ ಮಂಕಾದಂತೆ ಅನ್ನಿಸುವುದು ಸಹಜ. ಅಂಚಿನ ಬೆಳಕು ಬಂದ ಮೇಲೆ ಆ ಭಾವನೆ ಹೋಗುತ್ತದೆ. ಗಿರಾಕಿಗಳಿಗೆ ಮುಖ ಬೆಳ್ಳಗೇ ಇರಬೇಕು ಎಂಬ ಆಸೆ ಇರುತ್ತದೆಂದು ನನಗೂ ಗೊತ್ತು, ಆದರೆ ಹಿಂದೆ ಸೂರ್ಯನೂ ಬೇಕು, ಮುಖವೂ ಅವನಷ್ಟೇ ಹೊಳೆಯಬೇಕು ಎಂದರೆ ಅಂಚಿನಲ್ಲಿ ಏನು ಮಾಡಿದರೂ ನಂಬಿಕೆ ಹುಟ್ಟುವುದಿಲ್ಲ.

ಲೆನ್ಸಿನ ಚೆಲ್ಲಾಟವನ್ನು ಕಟ್ಟುವ ಕ್ರಮ ಮತ್ತು ಅಲ್ಲಿನ ದೋಷಗಳು

Inner Glow ಸುತ್ತಲೂ ಒಂದೇ ಬಣ್ಣವನ್ನು ಕೊಡುತ್ತದೆ, ಏಕೆಂದರೆ ಅದಕ್ಕೆ ಹಿನ್ನೆಲೆಯಲ್ಲಿ ಏನಿದೆ ಎಂಬುದು ತಿಳಿಯದು. ಬೆಳಕು ಹಿನ್ನೆಲೆಯಿಂದಲೇ ಬರಬೇಕು. ಇದರ ಲೆಕ್ಕ ಒಂದೇ ಸಾಲಿನದು:

```
wrap = blur(bg) × blur(1 − a) × a
```

ಇಲ್ಲಿ bg ಎಂದರೆ ಹಿನ್ನೆಲೆ, blur ಎಂದರೆ ಮಸುಕುಗೊಳಿಸುವುದು, a ಎಂದರೆ ವ್ಯಕ್ತಿಯ ಮಾಸ್ಕ್. ಮಾಸ್ಕನ್ನು ತಿರುವಿ ಮಸುಕುಗೊಳಿಸಿದಾಗ ಹೊರಗಿನ ಬಿಳುಪು ಅಂಚನ್ನು ದಾಟಿ ಒಳಕ್ಕೆ ಇಳಿಯುತ್ತದೆ. ಅದನ್ನು ಮತ್ತೆ ಮಾಸ್ಕಿನಿಂದ ಗುಣಿಸಿದಾಗ ಹೊರಗಿನದು ಅಳಿದು, ಒಳಕ್ಕೆ ಇಳಿದದ್ದು ಮಾತ್ರ ಉಳಿಯುತ್ತದೆ. ನೇರವಾದ ಅಂಚಿನಲ್ಲಿ ಅದರ ಬಲ ಅರ್ಧ, ಒಳಕ್ಕೆ ಹೋದಂತೆ ಬೇಗನೆ ಇಳಿಯುತ್ತದೆ.

ಫೋಟೋಶಾಪ್‌ನಲ್ಲಿ ಮಾಡುವ ಕ್ರಮ ಹೀಗಿದೆ. ಹಿನ್ನೆಲೆಯ ಪ್ರತಿಯನ್ನು ವ್ಯಕ್ತಿಯ ಮೇಲಕ್ಕೆ ತಂದು, Ctrl+Alt+G ಒತ್ತಿ ಕ್ಲಿಪ್ ಮಾಡಿ, Gaussian Blur 60 ಪಿಕ್ಸೆಲ್ ಕೊಡಿ. ವ್ಯಕ್ತಿಯ ಮಾಸ್ಕಿನ ಚಿಕ್ಕ ಚಿತ್ರದ ಮೇಲೆ Ctrl ಹಿಡಿದು ಒತ್ತಿದರೆ ಆಯ್ಕೆ ಬರುತ್ತದೆ. ನಂತರ ಮಸುಕಾದ ಲೇಯರನ್ನು ಆರಿಸಿ, Alt ಹಿಡಿದು ಮಾಸ್ಕ್ ಗುಂಡಿಯನ್ನು ಒತ್ತಿದರೆ ತಿರುವಿದ ಮಾಸ್ಕ್ ಸಿಗುತ್ತದೆ. ಈ ಮಾಸ್ಕಿಗೆ Gaussian Blur 10 ಪಿಕ್ಸೆಲ್ ಕೊಟ್ಟು, ಲೇಯರ್‌ನ ಮೋಡ್ Screen ಮಾಡಿ, Opacity 70 ಪ್ರತಿಶತದಿಂದ ಆರಂಭಿಸಿ. ನಿಜವಾದ ಲೆನ್ಸಿನಲ್ಲಿ ಅಂಚಿಗೆ ಹತ್ತಿರ ಬಲವಾದ ಕಿರಿದಾದ ಚೆಲ್ಲಾಟವೂ, ದೂರದವರೆಗೆ ತೀರಾ ಮಂದವಾದ ಚೆಲ್ಲಾಟವೂ ಇರುವುದರಿಂದ, ಇದೇ ಲೇಯರ್‌ನ ಇನ್ನೊಂದು ಪ್ರತಿಯಲ್ಲಿ ಮಾಸ್ಕಿನ ಮಸುಕನ್ನು 70 ಪಿಕ್ಸೆಲ್‌ಗೆ ಏರಿಸಿ Opacity 20 ಪ್ರತಿಶತಕ್ಕೆ ಇಳಿಸಿ ಇಡುತ್ತೇನೆ. ಈ ಅಂಕಿಗಳು 600 ಪಿಕ್ಸೆಲ್ ಅಗಲದ ಮುಖಕ್ಕೆ ಸಂಬಂಧಿಸಿದವು. ಮೊಬೈಲಿಗೆಂದು 1080 ಪಿಕ್ಸೆಲ್ ಅಗಲದಲ್ಲಿ ಇದೇ ಚಿತ್ರ ಮಾಡುವುದಾದರೆ 10ರ ಬದಲು 3 ಸಾಕು. ಆ ಅಳತೆಯಲ್ಲಿ 10 ಕೊಟ್ಟರೆ ಮುಖ ಮಂಜಿನೊಳಗೆ ಅದ್ದಿದಂತಾಗುತ್ತದೆ.

ಈ ಹಂತದಲ್ಲಿ ಕಾಣುವ ದೋಷಗಳಲ್ಲಿ ಎರಡನ್ನು ಬೇಗನೆ ಹೇಳಿ ಮುಗಿಸಬಹುದು. ಬೆಳಕು ವ್ಯಕ್ತಿಯ ಹೊರಗೂ ಉಂಗುರದಂತೆ ಕಂಡರೆ ಲೇಯರ್ ಕ್ಲಿಪ್ ಆಗಿಲ್ಲ. ಏನೂ ಕಾಣದಿದ್ದರೆ ಮಸುಕು ಮಾಸ್ಕಿಗೆ ಬೀಳದೆ ಚಿತ್ರಕ್ಕೇ ಎರಡು ಸಲ ಬಿದ್ದಿದೆ. ಮಾಸ್ಕಿನ ಅಂಚು ಇನ್ನೂ ಹರಿತವಾಗಿರುವುದರಿಂದ ಒಳಕ್ಕೆ ಇಳಿಯಲು ಏನೂ ಇಲ್ಲ.

ಮೂರನೆಯ ದೋಷವೇ ಹೆಚ್ಚು ಕಾಡುವಂಥದ್ದು. ಅಂಚುಗಳು ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತವೆ, ಅದರಲ್ಲೂ ಕಪ್ಪು ಕೂದಲಿನ ಬಳಿ. ಸೆರಗಿನ ಕೆಳಗಿನಿಂದ ಎಡ ಕಿವಿಯ ಹಿಂದೆ ಇಳಿದಿದ್ದ ಕೂದಲಿನಲ್ಲಿ ನನಗೆ ಇದು ಸಿಕ್ಕಿತು. ಅಲ್ಲಿ ಹಿನ್ನೆಲೆ ಕತ್ತಲ ಗುಡ್ಡ, ಬೆಳಕಿಗೆ ಕಾರಣವೇ ಇಲ್ಲ. ಅಂಕಿಗಳನ್ನು ಹಿಡಿದು ನೋಡಿದಾಗ ವಿಷಯ ತಿಳಿಯಿತು. ಕೂದಲಿನ ಕೆಂಪು ಚಾನೆಲ್ 20, ಗುಡ್ಡದ್ದು 90. Screen ಮೋಡ್‌ನಲ್ಲಿ ಇವೆರಡು ಸೇರಿದರೆ 103. ಅಂಚಿನಲ್ಲಿ ಮಾಸ್ಕಿನ ಬಲ ಅರ್ಧ ಎಂದು ಹಿಡಿದರೂ ಸುಮಾರು 61 ಆಗುತ್ತದೆ. ಅಂದರೆ ಕತ್ತಲ ಗುಡ್ಡವೂ ಕೂದಲಿನ ಕಪ್ಪನ್ನು ಮೂರು ಪಟ್ಟು ಎತ್ತುತ್ತದೆ. ಕಪ್ಪಿನ ಮೇಲೆ Screen ಬಹಳ ಉದಾರಿ. ನಮ್ಮ ಕಡತದ ಅಂಕಿಗಳು ನಿಜವಾದ ಬೆಳಕಿನ ಪ್ರಮಾಣದಲ್ಲಿ ಇರುವುದಿಲ್ಲ, ಕತ್ತಲ ಕಡೆಯ ಅಂತರಗಳನ್ನು ಹಿಗ್ಗಿಸಿ ಬರೆದಿರುತ್ತವೆ. 90 ಎಂಬ ಅಂಕಿ 220ರ ಹತ್ತರಲ್ಲಿ ನಾಲ್ಕು ಪಾಲಿನಷ್ಟಿದ್ದರೂ, ಅದರ ಹಿಂದಿನ ನಿಜವಾದ ಬೆಳಕು ಆರನೆಯ ಒಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ ಗುಡ್ಡದ ಪಾಲನ್ನು ಕೈಯಾರೆ ಕಡಿತಗೊಳಿಸಬೇಕು.

ಮೊದಲು ನಾನು Levels ಬಳಸಿ ಕಪ್ಪಿನ ತುದಿಯನ್ನು 140ಕ್ಕೆ ಎಳೆದೆ. ಗುಡ್ಡದ ಪಾಲು ಸೊನ್ನೆಯಾಯಿತು, ಹಾಲಿನ ಛಾಯೆ ಹೋಯಿತು, ಆದರೆ ಬಲಗಡೆಯ ಅಂಚು ಕುಂಕುಮದ ನೀರು ಚಿಮುಕಿಸಿದಂತೆ ಗಾಢವಾಯಿತು. ಕಾರಣವಿಷ್ಟೇ: ಸೂರ್ಯನ ಬಳಿಯ ಆಕಾಶ ಕೆಂಪು 250, ಹಸಿರು 190, ನೀಲಿ 110 ಇತ್ತು. ಕಪ್ಪಿನ ತುದಿ 140ಕ್ಕೆ ಹೋದಾಗ ಅವು ಕ್ರಮವಾಗಿ 244, 111, 0 ಆದವು. ನೀಲಿ ಪೂರ್ತಿ ಹೋಗಿ ತಿಳಿ ಕಿತ್ತಳೆ ಬಣ್ಣ ಉರಿಯುವ ಕಿತ್ತಳೆಯಾಯಿತು. ಹಾಗಾಗಿ Levels ತೆಗೆದು Blend If ಬಳಸುವುದು ಸರಿಯಾದ ದಾರಿ. ಲೇಯರ್‌ನ Blending Options ತೆರೆದರೆ ಕೆಳಗೆ Blend If: Gray ಎಂದಿರುತ್ತದೆ. ಅಲ್ಲಿ This Layer ಪಟ್ಟಿಯ ಕಪ್ಪು ಗುರುತನ್ನು Alt ಹಿಡಿದು ಎರಡಾಗಿ ಸೀಳಿ, ಒಂದನ್ನು 100ಕ್ಕೆ, ಇನ್ನೊಂದನ್ನು 160ಕ್ಕೆ ಇಡಿ. 100ಕ್ಕಿಂತ ಕತ್ತಲಾದದ್ದು ಮಾಯವಾಗುತ್ತದೆ, 160ಕ್ಕಿಂತ ಹೊಳೆಯುವುದು ಪೂರ್ತಿ ಉಳಿಯುತ್ತದೆ, ನಡುವಿನದು ಹಂತಹಂತವಾಗಿ ಕರಗುತ್ತದೆ. ಉಳಿದ ಬಣ್ಣ ಮಾತ್ರ ಬದಲಾಗುವುದಿಲ್ಲ. ಇದಾದ ಮೇಲೆ ಎಡ ಕಿವಿಯ ಹಿಂದಿನ ಕೂದಲು ಮತ್ತೆ ಕಪ್ಪಾಯಿತು, ಬಲಗಡೆಯ ಅಂಚು ಆಕಾಶದ ಬಣ್ಣವನ್ನೇ ಹಿಡಿಯಿತು.

ಸೂರ್ಯನ ಗೆರೆ: ರಟ್ಟಿನ ಗೊಂಬೆಯಂತೆ ಕಂಡರೆ

ಚೆಲ್ಲಾಟ ಸರಿಯಾದ ಮೇಲೆ, ಬಲಬದಿಯಲ್ಲಿ ಸೂರ್ಯನ ನೇರ ಗೆರೆ ಬೇಕು. ತಿಳಿ ಹಳದಿ ತುಂಬಿದ ಹೊಸ ಲೇಯರನ್ನು ವ್ಯಕ್ತಿಗೆ ಕ್ಲಿಪ್ ಮಾಡಿ, ಅದಕ್ಕೂ ವ್ಯಕ್ತಿಯ ಮಾಸ್ಕಿನ ತಿರುವಿದ ಪ್ರತಿಯನ್ನು ಕೊಡಿ. ಲೇಯರ್ ಮತ್ತು ಮಾಸ್ಕಿನ ನಡುವಿನ ಸರಪಳಿ ಗುರುತನ್ನು ತೆಗೆದು, ಮಾಸ್ಕನ್ನು ಮಾತ್ರ ಸೂರ್ಯನಿಗೆ ವಿರುದ್ಧ ದಿಕ್ಕಿಗೆ, ಅಂದರೆ ಎಡಕ್ಕೆ, 14 ಪಿಕ್ಸೆಲ್ ಸರಿಸಿ. ಬಲ ಅಂಚುಗಳಲ್ಲಿ ಮಾತ್ರ ಬಿದಿಗೆ ಚಂದ್ರನಂಥ ತೆಳು ಪಟ್ಟಿ ಉಳಿಯುತ್ತದೆ; ಎಡದಲ್ಲಿ ಏನೂ ಇರುವುದಿಲ್ಲ. ಮಾಸ್ಕಿಗೆ 4 ಪಿಕ್ಸೆಲ್ ಮಸುಕು ಕೊಟ್ಟು ಮೋಡ್ Screen ಮಾಡಿ.

ಇಷ್ಟಕ್ಕೇ ನಿಲ್ಲಿಸಿದರೆ ವ್ಯಕ್ತಿ ರಟ್ಟಿನಲ್ಲಿ ಕತ್ತರಿಸಿದ ಗೊಂಬೆಯಂತೆ ಕಾಣುತ್ತಾಳೆ. ಏಕೆಂದರೆ ಮಾಸ್ಕಿಗೆ ಹೊರಗಿನ ಗೆರೆ ಮಾತ್ರ ಗೊತ್ತು. ಮೈಯೊಳಗಿನ ಉಬ್ಬುತಗ್ಗು ಗೊತ್ತಿಲ್ಲ. ಆ ಹುಡುಗಿ ಬಲಗೈಯನ್ನು ಹೊಟ್ಟೆಯ ಮುಂದೆ ಮಡಿಸಿ ನಿಂತಿದ್ದಳು. ಸೂರ್ಯ ಬಲ ಹಿಂಬದಿಯಲ್ಲಿದ್ದರೆ ಬಲ ಮೊಣಕೈಯ ಮೇಲೆ ಗೆರೆ ಬರಬೇಕು, ಅದು ಹೊರ ಅಂಚೇ ಆದ್ದರಿಂದ ತಾನಾಗಿ ಬಂದಿತ್ತು. ಆದರೆ ಭುಜದಿಂದ ಇಳಿದ ಸೆರಗಿನ ಎದ್ದ ಮಡಿಕೆಗಳ ಬಲ ಬದಿ ಮತ್ತು ಮೂಗಿನ ತುದಿಯ ಬಲಬದಿಯ ಚಿಕ್ಕ ಮಿಂಚು, ಇವು ಬಾಹ್ಯರೇಖೆಯ ಒಳಗಿನವು. ಇವನ್ನು ಅದೇ ಮಾಸ್ಕಿನ ಮೇಲೆ ಬಿಳಿ ಕುಂಚದಿಂದ ಕೈಯಿಂದಲೇ ಬಿಡಿಸಬೇಕು. ಹಾಗೆಯೇ ಗದ್ದದ ನೆರಳು ಬೀಳುವ ಕುತ್ತಿಗೆಯ ಭಾಗದಲ್ಲಿ ತಾನಾಗಿ ಬಂದ ಗೆರೆಯನ್ನು ಕಪ್ಪು ಕುಂಚದಿಂದ ಅಳಿಸಬೇಕು. ಸೂರ್ಯ ಅಲ್ಲಿಗೆ ತಲುಪುವುದಿಲ್ಲ. ಈ ಕೈಕೆಲಸಕ್ಕೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಇಡೀ ಚಿತ್ರದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಇಪ್ಪತ್ತು ನಿಮಿಷ ಅದೇ.

ಗೆರೆಯ ದಪ್ಪ ಎಲ್ಲೆಡೆ ಒಂದೇ ಇರಬಾರದು. ಮೂಳೆ ಚರ್ಮಕ್ಕೆ ಹತ್ತಿರವಿರುವ ಮೊಣಕೈಯಂಥ ಕಡೆ ಮೈ ಚೂಪಾಗಿ ತಿರುಗುವುದರಿಂದ ಗೆರೆ ತೆಳುವಾಗಿ ಹೊಳೆಯುತ್ತದೆ. ಕೆನ್ನೆಯಂಥ ನಿಧಾನವಾಗಿ ತಿರುಗುವ ಕಡೆ ಅದು ಅಗಲವಾಗಿ, ಮಂದವಾಗಿ ಹರಡುತ್ತದೆ. ಮಾಸ್ಕ್ ಸರಿಸಿ ಬಂದ ಪಟ್ಟಿ ಈ ವ್ಯತ್ಯಾಸವನ್ನು ಮಾಡುವುದಿಲ್ಲವಾದ್ದರಿಂದ, ಕೆನ್ನೆಯ ಬಳಿ Blur Tool ಹಿಡಿದು ಮಾಸ್ಕಿನ ಒಳ ಅಂಚನ್ನು ಎಳೆಯಬೇಕಾಗುತ್ತದೆ.

ಸೆರಗಿನ ಬಣ್ಣ ಕೆಟ್ಟದ್ದು

ಇಲ್ಲಿಯವರೆಗೆ ಬಂದ ಮೇಲೆಯೂ ಒಂದು ಜಾಗ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ತಲೆಯ ಮೇಲಿನ ಕೆಂಪು ಸೆರಗಿನ ಬಲ ಅಂಚು ಗುಲಾಬಿ ಹಳದಿಯಾಗಿ, ಬಣ್ಣ ಹೋದ ಬಟ್ಟೆಯಂತೆ ಕಾಣುತ್ತಿತ್ತು. ತೋಪು ತೆನೆಯ ಬಿಳಿ ವಿನ್ಯಾಸ ಅಂಚಿನ ಬಳಿ ಹಿನ್ನೆಲೆಯಲ್ಲಿ ಕಲೆತುಹೋಗಿತ್ತು. ಬೆಳಕಿನ ಬಲ ಇಳಿಸಿದರೆ ಅಂಚು ಸತ್ತಂತಾಗುತ್ತಿತ್ತು, ಏರಿಸಿದರೆ ಬಿಳಿಚುತ್ತಿತ್ತು.

ಹೊಂಡದ ಮೆಟ್ಟಿಲ ಮೇಲಿನ ಒದ್ದೆ ಬಟ್ಟೆಯನ್ನು ಮತ್ತೆ ನೋಡಿದಾಗ ಉತ್ತರ ಸಿಕ್ಕಿತು. ಒಂದೇ ಪದರದ ತೆಳು ಬಟ್ಟೆ ಹಿಂದಿನ ಬೆಳಕನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಸೋಸಿ ಬಿಡುತ್ತದೆ. ತಲೆಯ ಮೇಲೆ ಹೊದ್ದು ಕೆನ್ನೆಯ ಪಕ್ಕಕ್ಕೆ ಇಳಿಬಿಟ್ಟ ಸೆರಗೂ ಹಾಗೆಯೇ. ಕೆಂಪು ಸೆರಗಿನ ಮೂಲಕ ಬಂದ ಬೆಳಕು ಕೆಂಪಾಗಿಯೇ ಬರುತ್ತದೆ, ಇನ್ನೂ ಗಾಢವಾದ ಕೆಂಪಾಗಿ. ಅದರ ಮೇಲೆ ನಾನು ಕಿತ್ತಳೆಯನ್ನು Screen ಮಾಡಿದ್ದು ಹಸಿರು ಮತ್ತು ನೀಲಿಯನ್ನೂ ಎತ್ತಿ ಬಣ್ಣವನ್ನು ತೊಳೆದುಹಾಕಿತ್ತು.

ಸೆರಗಿನ ಆ ಭಾಗದಲ್ಲಿ ಸೂರ್ಯನ ಗೆರೆಯನ್ನು ಪೂರ್ತಿ ಅಳಿಸಿ, ಚೆಲ್ಲಾಟದ ಲೇಯರ್‌ಗಳನ್ನು ಅರ್ಧಕ್ಕೆ ಇಳಿಸಿ, ಬದಲಿಗೆ ಒಂದು Levels ಲೇಯರನ್ನು ಕ್ಲಿಪ್ ಮಾಡಿದೆ. ಕೆಂಪು ಚಾನೆಲ್‌ನಲ್ಲಿ ಬಿಳಿಯ ತುದಿಯನ್ನು 255ರಿಂದ 190ಕ್ಕೆ, ಹಸಿರಿನಲ್ಲಿ 235ಕ್ಕೆ ಎಳೆದು, ನೀಲಿಯನ್ನು ಹಾಗೆಯೇ ಬಿಟ್ಟೆ. ಇದು ಇದ್ದ ಅಂಕಿಯನ್ನು ಗುಣಿಸುತ್ತದೆ, ಕೂಡಿಸುವುದಿಲ್ಲ. ಕೆಂಪು ಸುಮಾರು 1.34 ಪಟ್ಟು ಏರುತ್ತದೆ, ಕಪ್ಪು ಕಪ್ಪಾಗಿಯೇ ಇರುತ್ತದೆ. ಮಾಸ್ಕನ್ನು ಕಪ್ಪು ಮಾಡಿ, ಬಟ್ಟೆ ಒಂದೇ ಪದರವಿರುವಲ್ಲಿ ಮಾತ್ರ ಮೃದು ಕುಂಚದಿಂದ ತೆರೆದೆ. ಕೂದಲಿನ ಮೇಲೆ ಕೂತ ಭಾಗವನ್ನೂ, ಎರಡು ಮಡಿಕೆ ಸೇರುವ ಭಾಗವನ್ನೂ ಬಿಟ್ಟೆ, ಏಕೆಂದರೆ ಅಲ್ಲಿ ಬೆಳಕು ದಾಟುವುದಿಲ್ಲ. ಸೆರಗು ದೀಪದ ಮುಂದೆ ಹಿಡಿದಂತೆ ಬೆಳಗಿತು, ಬಿಳಿ ವಿನ್ಯಾಸವೂ ಮರಳಿ ಬಂದಿತು.

ನೀರಿನಿಂದ ಪುಟಿಯುವ ಬೆಳಕಿಗೂ ಇದೇ ಉಪಾಯ. ಇನ್ನೊಂದು Levels ಲೇಯರ್, ಕೆಂಪು 205, ಹಸಿರು 225, ಮಾಸ್ಕ್ ಕಪ್ಪು. 300 ಪಿಕ್ಸೆಲ್ ಅಗಲದ ಮೃದು ಕುಂಚದ Flow 10 ಪ್ರತಿಶತ ಇಟ್ಟು, ಗದ್ದದ ಕೆಳಗೆ, ಮುಂಗೈಯ ಅಡಿಗೆ, ನಿರಿಗೆಗಳ ಕೆಳಭಾಗಕ್ಕೆ ಎರಡು ಮೂರು ಸಲ ಸವರಿದರೆ ಸಾಕು. ಇಲ್ಲಿ Screen ಬಳಸಿದರೆ ಸೀರೆಯ ಹಸಿರು ಕಂದು ಬಣ್ಣಕ್ಕೆ ತಿರುಗಿ, ಬಟ್ಟೆಯ ಮೇಲೆ ಧೂಳು ಕೂತಂತೆ ಕಾಣುತ್ತದೆ. ಗುಣಿಸಿದಾಗ ಅದು ಗಿಣಿ ಹಸಿರಿನ ಕಡೆಗೆ ಸ್ವಲ್ಪ ವಾಲುತ್ತದೆ, ಹಸಿರಾಗಿಯೇ ಉಳಿಯುತ್ತದೆ.

ಪ್ರಿಂಟಿಗೆ ಕಳಿಸುವ ಮುನ್ನ

ಪರದೆಯಲ್ಲಿ ಬೆಳಕಾಗಿ ಕಂಡದ್ದು ಕಾಗದದ ಮೇಲೆ ಬರೀ ಬಿಳಿಯಾಗುವುದುಂಟು. ಗೆರೆಯ ಅತಿ ಹೊಳಪಿನ ಜಾಗದಲ್ಲಿ Info ಪ್ಯಾನೆಲ್ ನೋಡಿ. ಮೂರು ಚಾನೆಲ್‌ಗಳೂ 250 ದಾಟಿದ್ದರೆ ಅಲ್ಲಿ ಕಾಗದದ ಬಿಳಿಯೇ ಉಳಿಯುತ್ತದೆ, ಸಂಜೆಯ ಬಣ್ಣ ಉಳಿಯುವುದಿಲ್ಲ. ಕೆಂಪು 245ರ ಒಳಗೆ, ನೀಲಿ ಅದಕ್ಕಿಂತ ಕನಿಷ್ಠ 50 ಅಂಕಿ ಕಡಿಮೆ ಇರುವಂತೆ ನೋಡಿಕೊಳ್ಳುತ್ತೇನೆ. ನಂತರ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಅಡ್ಡಡ್ಡವಾಗಿ ತಿರುಗಿಸಿ, ಅಂಗೈಯಷ್ಟು ಸಣ್ಣದಾಗಿಸಿ ನೋಡುತ್ತೇನೆ. ಗಂಟೆಗಟ್ಟಲೆ ನೋಡಿ ಒಗ್ಗಿಹೋದ ಕಣ್ಣಿಗೆ ತಪ್ಪು ಆಗ ಥಟ್ಟನೆ ಸಿಗುತ್ತದೆ. ಕೊನೆಗೆ ಬೆಳಕಿನ ಲೇಯರ್‌ಗಳನ್ನೆಲ್ಲ ಒಟ್ಟಿಗೆ ಮುಚ್ಚಿ ತೆರೆದು ನೋಡಬೇಕು. ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಅಂಚೇ ಆಗಿದ್ದರೆ ಬಲ ಇನ್ನೂ ಹೆಚ್ಚಾಗಿದೆ ಎಂದರ್ಥ. ನನ್ನ ಚಿತ್ರದಲ್ಲಿ ಕಿರಿದಾದ ಚೆಲ್ಲಾಟ 70ರಿಂದ 45ಕ್ಕೆ, ಅಗಲವಾದದ್ದು 20ರಿಂದ 12ಕ್ಕೆ ಇಳಿದ ಮೇಲೆ ಮೊದಲು ಮುಖ ಕಂಡಿತು.

ಈ ಕ್ರಮಕ್ಕೆ ಮಣಿಯದ ಚಿತ್ರಗಳೂ ಇವೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್‌ನಿಂದ ತೆಗೆದು, ಮೂಗಿನ ನೆರಳು ತುಟಿಯ ಮೇಲೆ ಗಟ್ಟಿಯಾಗಿ ಬಿದ್ದಿದ್ದರೆ, ಅಥವಾ ಸೂರ್ಯನಿರಬೇಕಾದ ಬದಿಯಲ್ಲೇ ಸ್ಟುಡಿಯೋದ ಮುಖ್ಯ ಬೆಳಕು ಮುಂದಿನಿಂದ ಬಿದ್ದು ಆ ಕೆನ್ನೆ ಆಗಲೇ ಬೆಳ್ಳಗಾಗಿದ್ದರೆ, ಅಂಚಿನಲ್ಲಿ ಏನೂ ಮಾಡಿ ಪ್ರಯೋಜನವಿಲ್ಲ. ಎರಡನೆಯ ಸಂದರ್ಭದಲ್ಲಿ ಹಿನ್ನೆಲೆಯನ್ನು ಅಡ್ಡಡ್ಡವಾಗಿ ತಿರುಗಿಸಿ ಸೂರ್ಯನನ್ನು ಇನ್ನೊಂದು ಬದಿಗೆ ತರಬಹುದು, ಆದರೆ ಬಾದಾಮಿಯಂಥ ಎಲ್ಲರೂ ಕಂಡ ಜಾಗದಲ್ಲಿ ಗುಹೆಗಳ ಗುಡ್ಡ ಬಲಕ್ಕೆ ಬಂದರೆ ಊರಿನವರು ನೋಡಿದ ಕೂಡಲೇ ಹಿಡಿಯುತ್ತಾರೆ. ಅಂಥ ಚಿತ್ರಕ್ಕೆ ನಾನು ಮತ್ತೊಮ್ಮೆ ತೆಗೆಯೋಣ ಎಂದೇ ಹೇಳುತ್ತೇನೆ, ಮತ್ತು ಆ ಸಲ ಸ್ಟುಡಿಯೋದಲ್ಲೇ ಬಲ ಹಿಂಬದಿಗೆ ಕಿತ್ತಳೆ ಜೆಲ್ ಹಾಕಿದ ಒಂದು ಲೈಟ್ ಇಡುತ್ತೇನೆ.